ತವರಿಗೆ ಹೋದವಳಿಗೆ ಪುಟದಲ್ಲಿ ಜಾಗ

ಅನುದಾನ ಕೇಳುವ ಅರ್ಜಿಯಲ್ಲಿ ‘ನಿರ್ದಿಷ್ಟ ಗುರಿಗಳು’ ಎಂದು ಒಂದು ಭಾಗವಿರುತ್ತದೆ. ಅದಕ್ಕೆ ಕೊಡುವುದು ಒಂದೇ ಪುಟ. ಅದರ ನಂತರ ಬರುವ ಹತ್ತಾರು ಪುಟಗಳನ್ನು ಓದುವವರು ಓದುತ್ತಾರೆ, ಬಿಡುವವರು ಬಿಡುತ್ತಾರೆ. ಈ ಪುಟವನ್ನು ಮಾತ್ರ ಎಲ್ಲರೂ ಓದುತ್ತಾರೆ. ಅನ್ನ ಬೆಂದಿದೆಯೋ ಇಲ್ಲವೋ ಎಂದು ನೋಡಲು ಒಂದಗುಳು ಹಿಚುಕಿದರೆ ಸಾಕಲ್ಲ, ಹಾಗೆ. ಮೇಲೆ ಸಮಸ್ಯೆ ಎಷ್ಟು ದೊಡ್ಡದು ಎಂದು ಹೇಳಬೇಕು. ಅದರ ಕೆಳಗೆ ಇಷ್ಟು ದಿನ ಯಾರೂ ಏನನ್ನು ಮಾಡಿಲ್ಲ ಎಂದು ಹೇಳಬೇಕು. ಆಮೇಲೆ ನಾವು ಏನು ಮಾಡುತ್ತೇವೆ ಎಂದು ಎರಡೋ ಮೂರೋ ಗುರಿಗಳಲ್ಲಿ, ಅಳೆಯಲು ಬರುವಂತೆ ಬರೆಯಬೇಕು. ಒಂದನೇ ಗುರಿ ಮುರಿದುಬಿದ್ದರೆ ಎರಡನೆಯದೂ ಅದರ ಜೊತೆಗೇ ಬೀಳುವಂತಿರಬಾರದು. ಕೊನೆಗೆ, ಇಷ್ಟಾದರೆ ಲೋಕಕ್ಕೆ ಏನು ಲಾಭ ಎಂದು ಎರಡು ಸಾಲು. ಮೊದಲು ಹೆದರಿಸು, ಆಮೇಲೆ ಸಮಾಧಾನ ಮಾಡು ಎಂಬುದು ಇದರ ಒಟ್ಟು ಹಂಚಿಕೆ. ನಮ್ಮ ಊರಿನ ಭವಿಷ್ಯ ಹೇಳುವವರೂ ಹೀಗೇ ಮಾಡುತ್ತಾರೆ.

ಆ ಪುಟವನ್ನು ನಾನು ಶಹಾಪುರದ ಬಾಡಿಗೆ ಮನೆಯಲ್ಲಿ, ಹಿತ್ತಲ ಬಾಗಿಲು ತೆಗೆದಿಟ್ಟುಕೊಂಡು ಬರೆಯುತ್ತಿದ್ದೆ. ಹಿತ್ತಲ ಆಚೆ ಕಾಲುವೆಯ ಒಂದು ಕವಲು. ನೀರು ಬಿಟ್ಟ ದಿನಗಳಲ್ಲಿ ಅಲ್ಲಿ ಬಟ್ಟೆ ಒಗೆಯುವ ಹೆಂಗಸರ ಮಾತು ನನ್ನ ಮೇಜಿನ ತನಕ ಬರುತ್ತಿತ್ತು. ನೀರು ನಿಲ್ಲಿಸಿದಾಗ ಬರೀ ಕೊಕ್ಕರೆಗಳು. ನಾನು ವೈದ್ಯೆ, ರೋಗಿಗಳನ್ನು ನೋಡುವುದಕ್ಕಿಂತ ಹೆಚ್ಚಾಗಿ ಹಳ್ಳಿಗಳ ಆರೋಗ್ಯದ ಲೆಕ್ಕ ನೋಡುವ ಕೆಲಸ ನನ್ನದು. ಮದುವೆಯಾಗಲಿಲ್ಲ. ಹುಟ್ಟಿದ ಊರು ಸುರಪುರ, ಬಸ್ಸಿಗೆ ಹತ್ತಿದರೆ ಸ್ವಲ್ಪ ಹೊತ್ತಿನ ದಾರಿ. ಅಲ್ಲಿಯ ಮನೆಯಲ್ಲಿ ಈಗ ಅಣ್ಣನ ಸಂಸಾರವಿದೆ. ಅವ್ವ ಹೋದ ಮೇಲೆ ನಾನು ಅಲ್ಲಿಗೆ ಹೋಗುವುದು ಕಡಿಮೆಯಾಯಿತು. ಜಗಳವೇನಿಲ್ಲ. ಅತ್ತಿಗೆ ಒಳ್ಳೆಯವಳು. ಹೋದಾಗಲೆಲ್ಲ ಹೊಸ ಚಾದರ ತೆಗೆದು ಹಾಸುತ್ತಾಳೆ. ಆ ಹೊಸ ಚಾದರವೇ ನನಗೆ ಆಗದು; ಹುಟ್ಟಿದ ಮನೆಯಲ್ಲಿ ನೆಂಟಳಾಗುವುದು ನನಗೆ ಕೊನೆಗೂ ಬರಲಿಲ್ಲ.

ನಮ್ಮ ಅರ್ಜಿಯ ವಿಷಯ ಬಸುರಿ ಬಾಣಂತಿಯರ ಖಿನ್ನತೆ. ಹೊಟ್ಟೆಯಲ್ಲಿ ಕೂಸಿರುವಾಗ, ಇಲ್ಲವೇ ಹೆತ್ತ ಮೇಲೆ, ಎಷ್ಟೋ ಹೆಣ್ಣುಮಕ್ಕಳಿಗೆ ಮನಸ್ಸು ಕುಸಿಯುತ್ತದೆ. ನಿದ್ದೆ ಇರದು, ಹಸಿವಿರದು, ಕೂಸಿನ ಮೇಲೂ ಮನಸ್ಸು ಹೋಗದು. ಇದಕ್ಕೆ ಮಾತ್ರೆಯೊಂದೇ ಮದ್ದಲ್ಲ. ತರಬೇತಿ ಪಡೆದ ಹಳ್ಳಿಯ ಹೆಂಗಸೊಬ್ಬಳು ಬಿಡದೆ ಮನೆಗೆ ಬಂದು, ಕೂತು, ಕೇಳಿ, ದಿನಕ್ಕೊಂದು ಸಣ್ಣ ಕೆಲಸಕ್ಕೆ ಮನಸ್ಸು ತಿರುಗಿಸುವಂತೆ ಜೊತೆಗಿದ್ದರೂ ಬಹಳ ಮಂದಿ ಚೇತರಿಸಿಕೊಳ್ಳುತ್ತಾರೆ. ನಮ್ಮಲ್ಲಿ ಆ ಹೆಂಗಸು ಅಂದರೆ ಆಶಾ ಕಾರ್ಯಕರ್ತೆ. ಪ್ರತಿ ಊರಿಗೂ ಒಬ್ಬಳಾದರೂ ಇದ್ದಾಳೆ, ಬಸುರಿಯರ ಹೆಸರು ಹಚ್ಚುವವಳೂ ಅವಳೇ, ಹೆರಿಗೆಗೆ ದವಾಖಾನೆಗೆ ಕರೆದೊಯ್ಯುವವಳೂ ಅವಳೇ. ಅವಳ ಕೆಲಸದ ಜೊತೆಗೇ ಇದನ್ನೂ ಸೇರಿಸಿದರೆ ಹೇಗೆ ಎಂಬುದು ನಮ್ಮ ಪ್ರಶ್ನೆ.

ಮೂರು ಗುರಿಗಳು. ಒಂದು, ಮನೆಭೇಟಿಯ ಮಾತುಕತೆಯನ್ನು ಈ ಸೀಮೆಯ ಹೆಂಗಸರ ಜೊತೆ ಕೂತು ಇಲ್ಲಿಗೆ ಒಗ್ಗಿಸುವುದು. ಎರಡು, ಹಳ್ಳಿಗಳನ್ನು ಚೀಟಿ ಎತ್ತಿ ಎರಡು ಗುಂಪು ಮಾಡುವುದು. ಒಂದು ಗುಂಪಿನ ಆಶಾಗಳು ಈ ಭೇಟಿ ಮಾಡುತ್ತಾರೆ, ಇನ್ನೊಂದು ಗುಂಪಿನಲ್ಲಿ ಈಗ ನಡೆಯುತ್ತಿರುವ ಆರೈಕೆಯೇ ನಡೆಯುತ್ತದೆ. ಕೂಸಿಗೆ ಆರು ತಿಂಗಳಾದಾಗ ತಾಯಂದಿರ ಮನಸ್ಸು ಎಲ್ಲಿ ಹೆಚ್ಚು ಹಗುರಾಗಿದೆ ಎಂದು ಅಳೆಯುವುದು. ಮೂರು, ಆಶಾಗಳಿಗೆ ಇದು ಹೊರಲಾಗುವ ಹೊರೆಯೇ, ಹೇಳಿಕೊಟ್ಟಂತೆ ನಡೆಯುತ್ತದೆಯೇ, ಮುಂದೆಯೂ ನಡೆದೀತೇ ಎಂದು ನೋಡುವುದು. ಅರ್ಜಿಯ ಮುಖ್ಯಸ್ಥೆ ಬೆಂಗಳೂರಿನ ಒಬ್ಬರು ಪ್ರೊಫೆಸರ್. ನನಗಿಂತ ಹಿರಿಯರು, ಇಂಥ ಪುಟಗಳನ್ನು ಬರೆದು ಬರೆದು ಪಳಗಿದವರು. ನಾನು ಬರೆದು ಕಳಿಸುವುದು, ಅವರು ಫೋನಿನಲ್ಲಿ ತಿದ್ದುವುದು. ಆ ತಿಂಗಳಲ್ಲಿ ನನ್ನ ಜೊತೆ ಹೆಚ್ಚು ಮಾತಾಡಿದವರು ಅವರೇ. ಆ ಮಾತೆಲ್ಲ ಅಲ್ಪವಿರಾಮಗಳ ಬಗ್ಗೆ.

ದೊಡ್ಡ ಅರ್ಜಿಗೆ ಮೊದಲು ನಾವು ಕೆಲವು ಊರುಗಳಲ್ಲಿ ಸಣ್ಣದಾಗಿ ಇದನ್ನು ಮಾಡಿ ನೋಡಿದ್ದೆವು. ಅದರಲ್ಲೊಂದು ತೊಡಕು ಬಂತು. ಮೊದಲ ಬಸುರಿಯರು ಅರ್ಧದಲ್ಲೇ ಕೈತಪ್ಪಿ ಹೋಗುತ್ತಿದ್ದರು. ಬೇರೇನಲ್ಲ, ಏಳನೇ ತಿಂಗಳ ಸೀಮಂತ, ನಮ್ಮ ಕಡೆಯ ಕುಬಸ, ಮುಗಿಯಿತೆಂದರೆ ತವರಿನವರು ಕರೆದುಕೊಂಡು ಹೋಗುತ್ತಾರೆ. ಹೆರಿಗೆ ಅಲ್ಲೇ, ಬಾಣಂತನ ಅಲ್ಲೇ. ತಿರುಗಿ ಬರುವಾಗ ಕೂಸು ಬೋರಲು ಬಿದ್ದು ತಲೆಯೆತ್ತಿ ನೋಡುತ್ತಿರುತ್ತದೆ. ಗಂಡನ ಊರಿನ ಆಶಾ ಅಷ್ಟರಲ್ಲಿ ಬೇರೆ ಬಸುರಿಯರ ಹಿಂದೆ ಓಡಾಡುತ್ತಿರುತ್ತಾಳೆ. ಎಲ್ಲಿ ಎಂದು ಕೇಳಿದರೆ ಒಂದೇ ಉತ್ತರ, “ತವರಿಗೆ ಹೋಗ್ಯಾಳ್ರಿ.” ಆ ಉತ್ತರದಲ್ಲಿ ಯಾರಿಗೂ ಕಳವಳವಿರಲಿಲ್ಲ.

“ಅದಕ್ಕೇನು, ಒಂದು ಸಾಲು ಹಾಕಿಬಿಡಿ” ಎಂದರು ಪ್ರೊಫೆಸರ್. “ಅಧ್ಯಯನದ ಪೂರ್ತಿ ಅವಧಿ ಅದೇ ಹಳ್ಳಿಯಲ್ಲಿ ವಾಸವಿರುವ ಮಹಿಳೆಯರು ಮಾತ್ರ. ಎಲ್ಲರೂ ಹಾಗೇ ಬರೀತಾರೆ. ಇಲ್ಲದಿದ್ರೆ ಭೇಟಿ ಇರೋ ಊರಿನವಳು ಭೇಟಿ ಇಲ್ಲದ ಊರಿಗೆ ಹೋಗ್ತಾಳೆ, ಎರಡೂ ಗುಂಪು ಬೆರಕೆ ಆಗುತ್ತೆ. ಅರ್ಜಿ ಓದೋ ವಿಮರ್ಶಕರು ಅಲ್ಲೇ ನಮ್ಮನ್ನ ಹಿಡೀತಾರೆ.”

ಮಾತು ನ್ಯಾಯವಾದದ್ದೇ. ಆ ಸಾಲು ಹಾಕಿದೆ. ಪುಟ ಎಷ್ಟು ಚೊಕ್ಕವಾಯಿತೆಂದರೆ ಎದ್ದು ಹೋಗಿ ಚಹಾ ಮಾಡಿಕೊಂಡೆ. ಕುಡಿಯುತ್ತಾ ಇನ್ನೊಮ್ಮೆ ಓದಿದಾಗ ಆ ಸಾಲಿನ ಅರ್ಥ ಹೊಳೆಯಿತು. ಅದರ ಪ್ರಕಾರ ನಮ್ಮ ಕಾರ್ಯಕ್ರಮದಲ್ಲಿ ಎರಡು ಮೂರು ಹೆತ್ತವರೂ, ತವರಿಲ್ಲದವರೂ ಉಳಿಯುತ್ತಾರೆ. ಮೊದಲ ಸಲ ಹೆರುವ ಹುಡುಗಿಯರು, ಯಾರಿಗೆ ಎಲ್ಲವೂ ಹೊಸದೋ ಅವರು, ಹೆಚ್ಚುಕಡಿಮೆ ಒಬ್ಬರೂ ಉಳಿಯುವುದಿಲ್ಲ. ಹಿಟ್ಟು ಬಿಟ್ಟು ಜರಡಿ ಇಟ್ಟುಕೊಂಡ ಹಾಗೆ. ಆದರೂ ಆ ಸಾಲನ್ನು ಅಳಿಸಲಿಲ್ಲ. ಅನುದಾನ ಬಾರದೆ ಇದ್ದರೆ ಯಾರಿಗೂ ಏನೂ ಇಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಕೈತಪ್ಪಿದವರಲ್ಲಿ ಒಬ್ಬ ಹುಡುಗಿಯನ್ನು ನಾನು ನೋಡಲೇಬೇಕಿತ್ತು. ಶಹಾಪುರದ ಹತ್ತಿರದ ನೀರಾವರಿ ಊರಿಗೆ ಮದುವೆಯಾಗಿ ಬಂದವಳು, ಇನ್ನೂ ಮುಖದ ಮೇಲೆ ಕೂಸುತನ. ನಾವು ಕೇಳುವ ಪ್ರಶ್ನೆಗಳಲ್ಲಿ ಕೊನೆಯದು ಜೀವಕ್ಕೆ ಏನಾದರೂ ಮಾಡಿಕೊಳ್ಳಬೇಕು ಅನ್ನಿಸುತ್ತದೆಯೇ ಎಂಬುದು. ಬಸುರಿಯಾಗಿದ್ದಾಗ ಅವಳು, “ಒಮ್ಮೊಮ್ಮಿ” ಎಂದಿದ್ದಳು. ಆ ಪ್ರಶ್ನೆಗೆ ‘ಇಲ್ಲ’ ಬಿಟ್ಟು ಬೇರೆ ಏನೇ ಉತ್ತರ ಬಂದರೂ ಅಂದೇ ವೈದ್ಯರು ನೋಡಬೇಕೆಂಬುದು ನಮ್ಮ ನಿಯಮ. ಅಂದೇ ಹೋಗಿ ನೋಡಿದ್ದೆ. ಯಾದಗಿರಿಯ ದವಾಖಾನೆಯ ಮಾನಸಿಕ ವೈದ್ಯರಿಗೂ ತೋರಿಸಿದ್ದೆವು. ಆಶಾ ವಾರವಾರವೂ ಹೋಗಿ ಕೂರುತ್ತಿದ್ದಳು. ಕುಬಸದ ಹೊತ್ತಿಗೆ ಹುಡುಗಿ ಎಷ್ಟೋ ಗೆಲುವಾಗಿದ್ದಳು. ಹೆರಿಗೆಯಾದ ಮೇಲೆ ನಾನು ಇನ್ನೊಮ್ಮೆ ನೋಡಬೇಕೆಂದು ಆಗಲೇ ಗೊತ್ತುಮಾಡಿಕೊಂಡಿದ್ದೆ. ಅಧ್ಯಯನದಿಂದ ಹೊರಬಿದ್ದರೂ ಈ ನಿಯಮದಿಂದ ಯಾರೂ ಹೊರಬೀಳುವುದಿಲ್ಲ. ಹೆರಿಗೆಯಾಯಿತು, ಗಂಡುಕೂಸು ಎಂದು ಗಂಡನ ಊರಿನ ಆಶಾ ತಿಳಿಸಿದಳು. ಪುಟ ಬರೆಯುವುದನ್ನು ಅಲ್ಲಿಗೇ ಬಿಟ್ಟು ಹೊರಟೆ.

“ನೀವು ಹೋಗೂದು ಬರೋಬ್ಬರಿ ಐತ್ರಿ ಮೇಡಂ” ಎಂದಳು ಆಶಾ. ಅಗಲ ಮುಖದ, ನಗುವ ಹೆಂಗಸು. “ಆದ್ರ ಫಿಕರ್ ಮಾಡಬ್ಯಾಡ್ರಿ. ಅವ್ವನ ಮನ್ಯಾಗ ಅದಾಳ. ತವರಿಗೆ ಹೋದಾಕಿಗೆ ಏನ್ರಿ ದುಃಖ?”

ಹುಡುಗಿಯ ತವರು ಸುರಪುರದ ಆಚೆ, ಕಲ್ಲುಗುಡ್ಡದ ಮೇಲಿನ ಊರು. ಬಸ್ಸು ಸುರಪುರದಲ್ಲಿ ನಮ್ಮ ಅಣ್ಣನ ಮನೆಯ ಓಣಿಯ ಬಾಯಿಗೇ ನಿಂತು ಮಂದಿಯನ್ನು ಇಳಿಸಿತು. ನಾನು ಇಳಿಯಲಿಲ್ಲ. ಕಿಟಕಿಯಿಂದ ಅವ್ವ ನೆಟ್ಟ ಬೇವಿನ ಗಿಡದ ತುದಿ ಕಂಡಿತು. ಮುಂದೆ ಟಂಟಂ ಆಟೋ ಹಿಡಿದು ಹೋದೆ. ಆ ಊರಿನ ಕೆಳಗೇ ದೊಡ್ಡ ಕಾಲುವೆ ತುಂಬಿ ಹರಿಯುತ್ತದೆ, ಮೇಲೆ ಹತ್ತಲು ನೀರಿಗೆ ಕಾಲಿಲ್ಲ. ಹಾಗಾಗಿ ಊರಿನ ನೆಲವೆಲ್ಲ ಒಣ, ಊರಿನ ಜನವೆಲ್ಲ ಕೆಳಗಿನ ನೀರಾವರಿ ಹೊಲಗಳಲ್ಲಿ ಕೂಲಿ. ಹತ್ತಿ ಬಿಡಿಸುವ ಕಾಲ. ಬೆಳಗಾಗುತ್ತಲೇ ಗಾಡಿಗಳು ಬಂದು ಹೆಂಗಸರನ್ನು ತುಂಬಿಕೊಂಡು ಹೋಗುತ್ತವೆ. ನಾನು ಹೋದಾಗ ಓಣಿಯಲ್ಲಿ ಒಂದು ನಾಯಿ, ಕಟ್ಟೆಯ ಮೇಲೆ ಒಬ್ಬ ಮುದುಕ, ಸಾಲಾಗಿ ಚಿಲಕ ಹಾಕಿದ ಬಾಗಿಲುಗಳು.

ಅವಳ ಮನೆಯ ಬಾಗಿಲಿಗೆ ಚಿಲಕವಿರಲಿಲ್ಲ. ಒಳಗೆ ಕತ್ತಲೆ, ಲೋಬಾನದ ವಾಸನೆ. ಹಗ್ಗದ ಹೊರಸಿನ ಮೇಲೆ ಹುಡುಗಿ, ಕಿವಿ ಮುಚ್ಚಿ ಬಟ್ಟೆ ಕಟ್ಟಿಕೊಂಡು ಕೂತಿದ್ದಳು. ಹೊರಸಿನ ಕೆಳಗೆ ಅವ್ವ ಬೆಳಗ್ಗೆ ಇಟ್ಟುಹೋದ ಕೆಂಡ ಬೂದಿಯಾಗಿತ್ತು. ರೊಟ್ಟಿ, ಪಲ್ಯ, ಬಿಸಿನೀರಿನ ತಂಬಿಗೆ ಎಲ್ಲ ಕೈಗೆ ಸಿಗುವಂತೆ ಓರಣವಾಗಿ ಇಟ್ಟಿದ್ದರು. ಯಾವುದನ್ನೂ ಮುಟ್ಟಿರಲಿಲ್ಲ. ಕೂಸು ಅಳುತ್ತಿತ್ತು. ಅವಳು ಕೂಸಿನ ಕಡೆ ನೋಡುತ್ತಿದ್ದಳು, ಎತ್ತಿಕೊಳ್ಳುತ್ತಿರಲಿಲ್ಲ.

ಕೂಸನ್ನು ಎತ್ತಿ ಅವಳ ಮಡಿಲಿಗೆ ಕೊಟ್ಟೆ. ಕುಡಿಸಿದಳು. ಆಮೇಲೆ ಕೇಳಿದೆ, “ಮನ್ಯಾಗ ಯಾರೂ ಇಲ್ಲೇನವ್ವ?”

“ಸಂಜಿಗೆ ಬರ್ತಾರ್ರಿ. ಅವ್ವ ಬಂದು ನೀರ ಎರಿತಾಳ, ಅಡಗಿ ಮಾಡ್ತಾಳ. ಸಾಕಾಗಿ ಮಲಕೋತಾಳ.” ಅವಳ ದನಿಯಲ್ಲಿ ದೂರು ಇರಲಿಲ್ಲ. “ಆಕಿ ಮುಂದ ಏನ್ ಹೇಳ್ಲಿರಿ. ತವರಿಗೆ ಬಂದು ಕಣ್ಣೀರ್ ತಗೀಬಾರದಂತ. ತಮ್ಮಗ ಕೆಟ್ಟಾಕ್ಕೈತಂತ.”

ಕೊನೆಯ ಪ್ರಶ್ನೆಯನ್ನು ಕೇಳಿದೆ. ನೇರವಾಗಿ ಕೇಳಬೇಕು, ಸುತ್ತಿ ಬಳಸಿ ಕೇಳಿದರೆ ಉತ್ತರವೂ ಸುತ್ತಿ ಬಳಸಿ ಬರುತ್ತದೆ. ಅವಳು ಕೂಸಿನ ಬೆರಳು ಬಿಡಿಸುತ್ತಾ ಹೇಳಿದಳು, “ಮತ್ತ ಬರಾಕತ್ತೈತ್ರಿ. ಕಾಲುವಿ ಸಪ್ಪಳ ಮ್ಯಾಲಿನ್ ತನಕ ಕೇಳ್ತೈತಿ.”

ಇಲ್ಲಿಗೆ ಬಂದದ್ದು ಒಳ್ಳೆಯದಾಯಿತು ಎಂಬ ಸಮಾಧಾನ ಆಗ ಬರಲಿಲ್ಲ, ಬರೀ ಭಯ ಬಂತು. ಕೇಳಬೇಕಾದದ್ದನ್ನೆಲ್ಲ ಕೇಳಿದೆ. ವಿಚಾರ ಬರುತ್ತಿತ್ತು, ಹೋಗಬೇಕೆಂದು ಗೊತ್ತುಮಾಡಿಕೊಂಡಿರಲಿಲ್ಲ, ಎದ್ದು ಹೊರಟಿರಲಿಲ್ಲ. ಕೂಸಿಗೆ ಏನಾದರೂ ಮಾಡುವ ಯೋಚನೆ ಇರಲಿಲ್ಲ. ಆದರೂ ಅವಳನ್ನು ಒಬ್ಬಳನ್ನೇ ಬಿಟ್ಟು ಹೋಗುವ ಮಾತೇ ಇಲ್ಲ. ಅವ್ವ ಬರುವವರೆಗೆ ಕೂರುತ್ತೇನೆ, ನಾಳೆ ಯಾದಗಿರಿಗೆ ಹೋಗೋಣ, ಅವ್ವನಿಗೆ ನಾನು ಹೇಳುತ್ತೇನೆ, ಬೈಯುವುದಿಲ್ಲ ಎಂದೆ. ಆಯ್ತು ಎಂದಳು. ಎಲ್ಲದಕ್ಕೂ ಆಯ್ತು ಎನ್ನುವ ದನಿ ಅದು, ನನಗೆ ಆ ದನಿಯ ಮೇಲೆ ನಂಬಿಕೆಯಿಲ್ಲ.

ಅಷ್ಟರಲ್ಲಿ ಆ ಊರಿನ ಆಶಾ ಬಂದಳು. ತೆಳ್ಳಗಿನ, ಬಿರುಸು ನಡೆಯ ಹೆಂಗಸು. ಹುಟ್ಟಿದ ಕೂಸಿನ ತೂಕ ನೋಡಲು ಬಂದದ್ದು. ಹೆರಿಗೆ ಎಲ್ಲೇ ಆಗಿರಲಿ, ಕೂಸು ಯಾವ ಊರಲ್ಲಿದೆಯೋ ಅಲ್ಲಿಯ ಆಶಾ ಮನೆಗೆ ಬಂದು ತೂಕ, ಮೈ ಬಿಸಿ, ಹೊಕ್ಕಳು ಎಲ್ಲ ನೋಡುತ್ತಾಳೆ. ಅವಳು ಜೋಲಿಯ ತಕ್ಕಡಿಯಲ್ಲಿ ಕೂಸನ್ನು ಇಟ್ಟು ತೂಗಿದಳು, ಚಲೋ ಏರ್ಯಾನ ಎಂದಳು. ತಾಯಿಯ ಮನಸ್ಸಿನ ಬಗ್ಗೆ ಕೇಳುವ ಪದ್ಧತಿ ಇಲ್ಲಿ ಉಂಟೇ ಎಂದು ನಾನು ವಿಚಾರಿಸಿದೆ. “ಆಕಿ ಹೆಸರು ಗಂಡನ ಊರಾಗ ಹತ್ತೈತ್ರಿ” ಎಂದಳು. “ನನಗ ಕೂಸು ನೋಡೂದು ಅಷ್ಟ. ಮತ್ತ ಆಕಿ ತವರಿಗೆ ಬಂದಾಳ, ಏನ್ ಕೇಳೂದ್ರಿ?”

ಆಗ ಹುಡುಗಿ ಮೊದಲ ಸಲ ತಾನಾಗಿಯೇ ಬಾಯಿಬಿಟ್ಟಳು. “ನಮ್ಮೂರ ಆಶಾ ಅಕ್ಕ ಹ್ಯಾಂಗ ಅದಾಳ್ರಿ?”

ನಮ್ಮೂರು ಎಂದದ್ದು ಗಂಡನ ಊರನ್ನು. ಮದುವೆಯಾಗಿ ಹೋದ ಹೊಸತರಲ್ಲಿ, ಅತ್ತೆಯ ಮನೆಯಲ್ಲಿ ಗೋಡೆಗೊರಗಿ ಕೂತವಳ ಎದುರಿಗೆ ವಾರವಾರ ಬಂದು ಕೂತವಳು ಆ ಆಶಾ ಒಬ್ಬಳೇ. ಫೋನ್ ಮಾಡಿಲ್ಲವೇ ಎಂದರೆ, ಮನೆಯ ಫೋನು ತಮ್ಮನ ಕಿಸೆಯಲ್ಲಿ ಹೊಲಕ್ಕೆ ಹೋಗುತ್ತದೆ. ನಾನು ನನ್ನ ಫೋನ್ ತೆಗೆಯುವಷ್ಟರಲ್ಲಿ ತೆಳ್ಳಗಿನ ಆಶಾ ತನ್ನದನ್ನೇ ತೆಗೆದು ನಂಬರ್ ಕೇಳಿ ಹಚ್ಚಿದ್ದಳು. ಆ ಆಶಾ ಇವಳಿಗೆ ಜಿಲ್ಲೆಯ ಮೀಟಿಂಗಿನಲ್ಲಿ ನೋಡಿ ಗೊತ್ತಂತೆ. ಫೋನನ್ನು ಹುಡುಗಿಯ ಕೈಗೆ ಕೊಟ್ಟು, “ಮಾತಾಡು, ನಾ ಹೊರಗಿರ್ತೀನಿ” ಎಂದು ಕೂಸನ್ನು ಎತ್ತಿಕೊಂಡು ಹೋದಳು. ನಾನೂ ಹೊರಗೆ ಬಂದೆ, ಬಾಗಿಲು ಕಣ್ಣಳತೆಯಲ್ಲಿರುವಂತೆ ಕೂತೆ.

ಒಳಗೆ ಅವಳು ಮೊದಲು, “ನಿಮ್ಮ ಎಮ್ಮಿ ಈಯ್ತೇನ ಅಕ್ಕಾ?” ಎಂದು ಕೇಳಿದಳು. ಆಮೇಲೆ ಅಳು. ದೊಡ್ಡ ದನಿಯ ಅಳು, ತವರಿನಲ್ಲಿ ಅಳಬಾರದ ಅಳು. ಕಟ್ಟೆಯ ಮೇಲಿನ ಮುದುಕ ಈ ಕಡೆ ನೋಡಿದ. ತೆಳ್ಳಗಿನ ಆಶಾ ಕೂಸನ್ನು ಭುಜಕ್ಕೆ ಹಾಕಿಕೊಂಡು ಅವನ ಮುಂದೆ ಅಡ್ಡಾಡತೊಡಗಿದಳು, ಅವನಿಗೆ ಬಾಗಿಲು ಕಾಣದ ಹಾಗೆ. “ನನಗ ಗೊತ್ತಿರಲಿಲ್ಲ್ರಿ” ಎಂದು ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದಳು.

ಸಂಜೆ ಅವಳ ಅವ್ವ ಬಂದಳು, ಸೆರಗಿನಲ್ಲಿ ಹತ್ತಿಯ ಎಳೆಗಳು ಅಂಟಿಕೊಂಡೇ. ನಾನು ಹೇಳಿದ್ದನ್ನೆಲ್ಲ ನಿಂತುಕೊಂಡೇ ಕೇಳಿದಳು. “ಡಾಕ್ಟರ್ ಬಾಯಾರ, ನಾ ಮನ್ಯಾಗ ಕುಂತ್ರ ಒಲಿ ಹತ್ತಂಗಿಲ್ರಿ” ಎಂದಳು. ಸೆರಗಿನ ಎಳೆ ಕೀಳುತ್ತಾ, “ನನ್ನ ಬಾಣಂತನದಾಗ ಈ ಮನ್ಯಾಗ ಏಸು ಮಂದಿ ಹೆಂಗಸರಿದ್ರು. ಕಾಲುವಿ ಬಂತು, ಎಲ್ಲಾರ್ನೂ ಕೆಳಗ ಕರಕೊಂಡ್ ಹೋತು” ಎಂದಳು. ಮಾರನೆಯ ದಿನ ಅವಳು ಕೆಲಸಕ್ಕೆ ಹೋಗಲಿಲ್ಲ. ಮೂವರೂ ಕೂಸಿನೊಡನೆ ಯಾದಗಿರಿಗೆ ಹೋದೆವು. ವೈದ್ಯರು ನೋಡಿ, ಹಾಲುಣಿಸುವಾಗ ಕೊಡಬಹುದಾದ ಮಾತ್ರೆ ಬರೆದರು. ಹಗಲು ಒಬ್ಬಳನ್ನೇ ಬಿಡಬಾರದೆಂದರು. ಅವ್ವ ಗುರುಮಠಕಲ್ಲಿನ ತನ್ನ ಅಕ್ಕನನ್ನು ಕರೆಸಿಕೊಂಡಳು. ಆ ದೊಡ್ಡಮ್ಮ ಅರ್ಧ ತೆಲುಗಿನಲ್ಲಿ ದಿನವಿಡೀ ಮಾತಾಡುತ್ತಾಳೆ, ಕೇಳಿ ಕೇಳಿ ಸುಸ್ತಾಗಿದೆ ಎಂದು ಹುಡುಗಿ ಆಮೇಲೆ ದೂರಿದಳು. ಆ ದೂರು ಕೇಳಿ ನನಗೆ ಸಂತೋಷವಾಯಿತು.

ಮನೆಗೆ ಬಂದು ಪುಟ ತೆರೆದೆ. ಚೊಕ್ಕವಾಗಿತ್ತು, ಹಾಗೇ ಇತ್ತು. ಆ ಸಾಲನ್ನು ಅಳಿಸಿದೆ. ಅಳಿಸುವುದು ಸುಲಭ, ಅದರ ಜಾಗಕ್ಕೆ ಇಡುವುದು ಕಷ್ಟ. ಪುಟದಲ್ಲಿ ಒಂದು ಸಾಲು ಸೇರಬೇಕಾದರೆ ಇನ್ನೊಂದು ಹೋಗಬೇಕು. ಮೇಲಿನ ಹೆದರಿಸುವ ಭಾಗದಲ್ಲಿ ನನಗೆ ಬಹಳ ಪ್ರೀತಿಯ ವಾಕ್ಯವೊಂದಿತ್ತು. ಅದನ್ನು ತೆಗೆದೆ. ಹೊಸದಾಗಿ ಬರೆದದ್ದು ಇಷ್ಟು: ಬಸುರಿಯ ಹೆಸರು ಯಾವ ಊರಿನಲ್ಲಿ ಹತ್ತಿದೆಯೋ ಅವಳು ಕೊನೆಯವರೆಗೂ ಆ ಊರಿನ ಗುಂಪಿನವಳೇ, ಎಲ್ಲಿಗೇ ಹೋಗಲಿ. ಮಾತುಕತೆ ನಡೆಸುವವಳು ಮೊದಲಿನ ಆಶಾಳೇ, ಫೋನಿನಲ್ಲಿ. ತವರಿನ ಆಶಾ ಕೂಸನ್ನು ನೋಡಲು ಹೋದಾಗ ಫೋನ್ ಹಚ್ಚಿಕೊಟ್ಟು ಹೊರಗೆ ಕೂರುತ್ತಾಳೆ, ಅಷ್ಟೇ. ಬೇರೆ ತರಬೇತಿ ಅವಳಿಗಿಲ್ಲ, ಹಾಗಾಗಿ ಬೆರಕೆಯೂ ಕಡಿಮೆ. ಆರನೇ ತಿಂಗಳಲ್ಲಿ ಅಳೆಯುವವರು ತಾಯಿ ಇರುವ ಊರಿಗೇ ಹೋಗಿ ಅಳೆಯುತ್ತಾರೆ, ಅವಳು ಯಾವ ಗುಂಪಿನವಳೆಂದು ತಿಳಿಯದೆ. ಈ ಕೈಬದಲು ನಡೆಯುತ್ತದೆಯೇ ಇಲ್ಲವೇ ಎಂಬುದನ್ನು ಮೂರನೇ ಗುರಿ ನೋಡುತ್ತದೆ; ನಡೆಯದಿದ್ದರೂ ಎರಡನೆಯದಕ್ಕೆ ಉತ್ತರ ಸಿಕ್ಕೇ ಸಿಗುತ್ತದೆ.

ಪ್ರೊಫೆಸರ್ ಓದಿ ಫೋನ್ ಮಾಡಿದರು. “ಚೆನ್ನಾಗಿದೆ” ಎಂದರು. “ಆದ್ರೆ ಇದರಿಂದಲೇ ಅನುದಾನ ಕೈತಪ್ಪಬಹುದು, ಗೊತ್ತಲ್ಲ?”

“ಗೊತ್ತು.”

“ಆ ಹುಡುಗಿಯನ್ನ ನೋಡಿ ಬಂದು ಬರೆದಿದೀರಿ. ಒಬ್ಬಳನ್ನ ನೋಡಿ ವಿನ್ಯಾಸ ಬದಲಿಸಬಾರದು ಅಂತ ನಾವೇ ಪಾಠ ಮಾಡ್ತೀವಿ.”

“ಒಬ್ಬಳಲ್ಲ. ಮೊದಲ ಹೆರಿಗೆಯವರು ಎಲ್ಲರೂ ಹೋಗ್ತಾರೆ” ಎಂದೆ. ದನಿ ಏರಿತ್ತು. ನನಗೆ ಸಿಟ್ಟು ಬೇಗ. ಒಬ್ಬರೇ ಇರುವವರಿಗೆ ಅದನ್ನು ಇಳಿಸುವ ಅಭ್ಯಾಸ ತಪ್ಪಿಹೋಗುತ್ತದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಹಾಗೇ ಕಳಿಸೋಣ ಎಂದರು. ಕಳಿಸಿದೆವು.

ಅದಾದ ಮೇಲಿನ ತಿಂಗಳುಗಳು ನನಗೆ ಖಾಲಿ ಖಾಲಿ ಅನ್ನಿಸಿದವು. ಫೋನಿನಲ್ಲಿ ತಿದ್ದುವವರೂ ಇಲ್ಲ. ಕಾಲುವೆಯ ನೀರು ನಿಂತಿತು, ಬಟ್ಟೆ ಒಗೆಯುವವರು ಬೇರೆ ಕಡೆ ಹೋದರು. ಸಂಜೆ ಒಬ್ಬಳೇ ಕೂತು ಎರಡು ರೊಟ್ಟಿ ತಟ್ಟುವಾಗ ಆ ಹುಡುಗಿಯ ಮುಟ್ಟದ ತಟ್ಟೆ ನೆನಪಾಗುತ್ತಿತ್ತು. ಒಮ್ಮೆ ಸುರಪುರಕ್ಕೆ ಹೋದೆ. ಅತ್ತಿಗೆ ಹೊಸ ಚಾದರ ಹಾಸಿದಳು. “ತವರಿಗೆ ಬಂದೀರಿ, ಇನ್ನ ಆರಾಮ ಇರ್ರಿ” ಎಂದಳು. ಪ್ರೀತಿಯಿಂದಲೇ ಅಂದದ್ದು. ನನಗೆ ಇಲ್ಲಿ ಅಳು ಬರುತ್ತದೆ ಎಂದು ಹೇಳಲು ಬಾಯಿ ತೆರೆದೆ, ಚಹಾಕ್ಕೆ ಸಕ್ಕರೆ ಕಡಿಮೆ ಹಾಕು ಎಂದೆ.

ಉತ್ತರ ಬಂತು. ಈ ಸಲ ಇಲ್ಲ. ಕಾರಣಗಳಲ್ಲಿ ಬೆರಕೆಯ ಮಾತು ಇದ್ದೇ ಇತ್ತು, ಅದಕ್ಕೆ ನಾನು ಸಿದ್ಧಳಾಗಿದ್ದೆ. ಇನ್ನೊಬ್ಬ ವಿಮರ್ಶಕರು ಬೇರೆ ಬರೆದಿದ್ದರು: ತವರಿನಲ್ಲಿರುವ ತಾಯಂದಿರಿಗೆ ಕುಟುಂಬದ ಆಸರೆ ಸಹಜವಾಗಿಯೇ ಇರುವುದರಿಂದ ಅವರನ್ನು ಹಿಂಬಾಲಿಸುವ ಅಗತ್ಯ ಮನವರಿಕೆಯಾಗುವುದಿಲ್ಲ. ಅವರು ಯಾರೋ, ಯಾವ ದೇಶದವರೋ. ಅಗಲ ಮುಖದ ಆಶಾ, ತೆಳ್ಳಗಿನ ಆಶಾ, ನಮ್ಮ ಅತ್ತಿಗೆ, ಈಗ ಇವರು. ಅಷ್ಟು ದೂರ ಹೋಗಿ ಬಂದ ಪುಟಕ್ಕೆ ನಮ್ಮ ಓಣಿಯ ಉತ್ತರವೇ ಸಿಕ್ಕಿತ್ತು.

ಆ ಕಾಗದವನ್ನು ಚೀಲದಲ್ಲಿ ಹಾಕಿಕೊಂಡೇ ನಾನು ಶಹಾಪುರದ ಹತ್ತಿರದ ಆ ನೀರಾವರಿ ಊರಿಗೆ ಹೋದೆ. ಹುಡುಗಿ ಗಂಡನ ಮನೆಗೆ ತಿರುಗಿ ಬಂದಿದ್ದಳು. ನಿಯಮದ ಪ್ರಕಾರ ಕೊನೆಯ ಬಾರಿ ನೋಡುವುದಿತ್ತು. ಅಂಗಳದಲ್ಲಿ ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುತ್ತಿದ್ದಳು. ಕಿವಿಯ ಬಟ್ಟೆ ಇರಲಿಲ್ಲ, ಮೈ ತುಂಬಿಕೊಂಡಿತ್ತು. ಕೊನೆಯ ಪ್ರಶ್ನೆ ಕೇಳಿದೆ.

“ಈಗ ಇಲ್ಲ್ರಿ” ಎಂದಳು. ನನ್ನ ಮುಖ ನೋಡಿ ಹೇಳಿದಳು, ಕೂಸಿನ ಬೆರಳು ನೋಡಿ ಅಲ್ಲ.

ಅನುದಾನ ಸಿಗಲಿಲ್ಲ, ಸದ್ಯಕ್ಕೆ ಆಶಾ ಅಕ್ಕ ಮೊದಲಿನ ಹಾಗೆ ವಾರವಾರ ಬರಲಾರಳೇನೋ ಎಂದು ಅವಳಿಗೆ ಹೇಳಿದೆ. ಹೇಳದೆ ಇರುವುದು ಸರಿಯಲ್ಲ ಅನ್ನಿಸಿತು. ತಲೆಯಾಡಿಸಿದಳು. ಆಮೇಲೆ ದನಿ ತಗ್ಗಿಸಿ ಒಳಮನೆಯ ಕಡೆ ಕಣ್ಣು ಮಾಡಿದಳು. “ನಮ್ಮ ನಾದಿನಿ ಬಂದಾಳ್ರಿ ಬಾಣಂತನಕ್ಕ. ಆಕಿಗೆ ಇದ ತವರು.”

“ಹ್ಯಾಂಗ ಅದಾಳ?”

“ಎಲ್ಲಾರೂ ಅಂತಾರ, ತವರಿಗೆ ಬಂದಾಳ, ಆರಾಮ ಅದಾಳ ಅಂತ.” ಎಣ್ಣೆಯ ಕೈಯನ್ನು ಸೆರಗಿಗೆ ಒರೆಸಿಕೊಂಡಳು. “ನಿನ್ನಿ ನಾ ಕೇಳೇನ್ರಿ. ನೀವು ನನಗ ಕೇಳಿದಂಗ, ಸುತ್ತಿ ಬಳಸಿ ಅಲ್ಲ.”

“ಏನಂದಳು?”

“ಮೊದಲ ಬಾಗಲಾ ಹಾಕ್ಕೊಂಡ್ ಬಾ ಅಂದ್ಲ್ರಿ.”

ಒಳಗಿನಿಂದ ಯಾರೋ ಕೆಮ್ಮಿದರು. ಹುಡುಗಿ ತನ್ನ ಕೂಸನ್ನು ಎತ್ತಿ ನನ್ನ ಕೈಗೆ ಕೊಟ್ಟಳು, ಎಣ್ಣೆ ಹಚ್ಚಿದ್ದರಿಂದ ಜಾರುತ್ತಿತ್ತು, ಎದೆಗವಚಿಕೊಂಡೆ. “ಸ್ವಲ್ಪ ಹಿಡೀರಿ. ಆಕಿಗೆ ನೀವು ಬಂದೀರಿ ಅಂತ ಹೇಳ್ತೀನಿ. ನಿಮ್ಮ ಮುಂದ ಮಾತಾಡ್ತಾಳೋ ಇಲ್ಲೋ, ಆಕೀನ್ನ ಕೇಳೇ ಕರೀತೀನಿ” ಎಂದು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ನಾನು ಹೊರಗೆ ಕಟ್ಟೆಯ ಮೇಲೆ ಕೂಸಿನೊಡನೆ ಕೂತು, ಅವರು ಕರೆಯುವುದನ್ನು ಕಾದೆ.